ತೆರೆದ ಮೇಲೆ ಕೆಟ್ಟ ರಸಮೇವು: ಆಳಂದ ತಾಲ್ಲೂಕಿನ ಒಂದು ಮನೆಯ ಪ್ರಕರಣ

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಎರೆಭೂಮಿಯ ಒಂದು ಹಳ್ಳಿಯಲ್ಲಿ ಈ ಮನೆ ಇದೆ. ಗಂಡ, ಹೆಂಡತಿ, ವಯಸ್ಸಾದ ಅತ್ತೆ ಮತ್ತು ಕಾಲೇಜಿಗೆ ಹೋಗುವ ಮಗ. ಮೂರು ಮಿಶ್ರತಳಿ ಹಸುಗಳು, ಒಂದು ಎಮ್ಮೆ, ಒಂದು ಜೋಡಿ ಎತ್ತು. ಹೊಲ ಐದು ಎಕರೆ ಇದ್ದರೂ ಕೊಳವೆಬಾವಿಯ ನೀರು ತಲುಪುವುದು ಒಂದು ಎಕರೆಗೆ ಮಾತ್ರ. ಉಳಿದದ್ದು ತೊಗರಿ ಮತ್ತು ಹಿಂಗಾರಿ ಜೋಳ. ಫೆಬ್ರುವರಿ ಕಳೆಯುವ ಹೊತ್ತಿಗೆ ಬಾವಿಯ ನೀರು ಕುಗ್ಗುತ್ತದೆ, ಹಸಿರು ಮೇವು ನಿಲ್ಲುತ್ತದೆ. ಅಲ್ಲಿಂದ ಮುಂಗಾರಿನ ಹುಲ್ಲು ಬರುವವರೆಗೆ ಕಣಿಕೆ, ತೊಗರಿ ಹೊಟ್ಟು ಮತ್ತು ಕೊಂಡು ತಂದ ಹಿಂಡಿಯ ಮೇಲೆ ದನಗಳನ್ನು ನಡೆಸಬೇಕು. ಪ್ರತಿ ಬೇಸಿಗೆಯಲ್ಲೂ ಹಾಲು ಸುಮಾರು ಅರ್ಧಕ್ಕೆ ಇಳಿಯುತ್ತಿತ್ತು. ಅದಕ್ಕೇ ಅವರು ರಸಮೇವಿಗೆ, ಅಂದರೆ ಹಸಿ ಮೇವನ್ನು ಕತ್ತರಿಸಿ ಗುಂಡಿಯಲ್ಲಿ ಗಾಳಿಯಾಡದಂತೆ ಮುಚ್ಚಿ ಹುಳಿಯಾಗಿಸಿ ಕೂಡಿಡುವುದಕ್ಕೆ, ಕೈ ಹಾಕಿದರು.

ಈ ಮನೆಯನ್ನೇ ಆಯ್ದುಕೊಳ್ಳಲು ಒಂದು ಕಾರಣವಿದೆ. ಇವರು ಮೇವು ತುಂಬುವಾಗ ಮಾಡಬೇಕಾದ್ದನ್ನೆಲ್ಲ ಮಾಡಿದ್ದರು. ಸರಿಯಾದ ಹೊತ್ತಿಗೆ ಬೆಳೆ ಕೊಯ್ದರು, ಸಣ್ಣಗೆ ಕತ್ತರಿಸಿದರು, ಚೆನ್ನಾಗಿ ತುಳಿದರು, ಮುಚ್ಚಿದರು. ಗುಂಡಿ ತೆರೆದಾಗ ಒಳಗಿನ ಮೇವು ಉತ್ತಮವಾಗಿಯೇ ಇತ್ತು. ಆದರೂ ಅದರ ಮೂರನೇ ಒಂದು ಭಾಗದಷ್ಟು ತಿಪ್ಪೆಗೆ ಹೋಯಿತು. ತುಂಬುವ ವಿಧಾನದ ಬಗ್ಗೆ ಎಲ್ಲರೂ ಹೇಳುತ್ತಾರೆ. ತೆಗೆಯುವ ಲೆಕ್ಕವನ್ನು ಹೇಳುವವರು ಕಡಿಮೆ, ಮತ್ತು ನಮ್ಮ ಬಿಸಿಲಿನಲ್ಲಿ ಆ ಲೆಕ್ಕ ತಪ್ಪಿದರೆ ತುಂಬಿದ ಶ್ರಮವೆಲ್ಲ ವ್ಯರ್ಥ.

ಮೊದಲ ವರ್ಷದ ಗುಂಡಿ

ಅರ್ಧ ಎಕರೆಯಲ್ಲಿ ಮುಂಗಾರಿನ ಆರಂಭದಲ್ಲಿ ಆಫ್ರಿಕನ್ ಟಾಲ್ ಮೆಕ್ಕೆಜೋಳ ಬಿತ್ತಿದ್ದರು. ಇದು ಎತ್ತರಕ್ಕೆ ಬೆಳೆಯುವ ಮೇವಿನ ತಳಿ. ಬಿತ್ತಿ ಮೂರು ತಿಂಗಳಾಗುವ ಹೊತ್ತಿಗೆ ತೆನೆ ಕಟ್ಟಿ ಕಾಳು ಹಾಲಿನಿಂದ ಹಿಟ್ಟಿನ ಹಂತಕ್ಕೆ ತಿರುಗುತ್ತಿತ್ತು. ತೆನೆಯನ್ನು ನಡುವೆ ಮುರಿದು ನೋಡಿದರೆ ಕಾಳಿನ ಹೊರ ಅರ್ಧ ಗಟ್ಟಿಯಾಗಿದೆ, ತೆನೆದಿಂಡಿನ ಕಡೆಯ ಅರ್ಧದಲ್ಲಿ ಇನ್ನೂ ಹಾಲಿದೆ ಎಂಬುದು ಕಾಣುತ್ತದೆ. ಆ ಹಂತದಲ್ಲಿ ಇಡೀ ಗಿಡದಲ್ಲಿ ನೂರಕ್ಕೆ 30ರಿಂದ 35 ಭಾಗ ಒಣ ಅಂಶ, ಉಳಿದದ್ದು ನೀರು. ಮೆಕ್ಕೆಜೋಳದ ರಸಮೇವಿಗೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ದಂಟಿನಲ್ಲಿ ಸಕ್ಕರೆ ಸಾಕಷ್ಟಿರುವುದರಿಂದ ಬೆಲ್ಲವನ್ನಾಗಲಿ ಕಾಕಂಬಿಯನ್ನಾಗಲಿ ಸೇರಿಸುವ ಅಗತ್ಯವೂ ಇರುವುದಿಲ್ಲ.

ಅರ್ಧ ಎಕರೆಯಿಂದ ಏಳು ಟನ್ನಿಗೆ ಸ್ವಲ್ಪ ಕಡಿಮೆ ಹಸಿ ಮೇವು ಬಂತು. ಬಾಡಿಗೆಗೆ ತಂದ ಮೇವು ಕತ್ತರಿಸುವ ಯಂತ್ರದಲ್ಲಿ ಅರ್ಧ ಇಂಚಿನಷ್ಟು ಸಣ್ಣಗೆ ಕತ್ತರಿಸಿದರು. ಹಿತ್ತಲಲ್ಲಿ ಹತ್ತು ಅಡಿ ಉದ್ದ, ಎಂಟು ಅಡಿ ಅಗಲ, ಆರು ಅಡಿ ಆಳದ ಗುಂಡಿ ತೋಡಿ, ತಳಕ್ಕೂ ನಾಲ್ಕು ಬದಿಗೂ ದಪ್ಪನೆಯ ಪ್ಲಾಸ್ಟಿಕ್ ಹಾಳೆ ಹಾಸಿದ್ದರು. ಅರ್ಧ ಅಡಿ ದಪ್ಪದ ಪದರ ಹಾಕುವುದು, ಮನೆಯವರೆಲ್ಲ ಇಳಿದು ತುಳಿಯುವುದು, ಮೂಲೆಗಳಲ್ಲಿ ಹಿಮ್ಮಡಿಯಿಂದ ಒತ್ತುವುದು, ಮತ್ತೆ ಪದರ. ಎರಡು ದಿನಗಳಲ್ಲಿ ತುಂಬಿ ಮುಗಿಯಿತು. ಹಾಳೆ ಮಡಚಿ, ಮೇಲೆ ಒಂದಡಿ ಮಣ್ಣು ಹೇರಿ, ಮಳೆ ನೀರು ಜಾರಿ ಹೋಗುವಂತೆ ಬೆನ್ನು ಕೊಟ್ಟು, ಸುತ್ತ ಕಾಲುವೆ ತೆಗೆದರು. ಇದರಲ್ಲಿ ತಪ್ಪು ಹುಡುಕಲು ನನಗೆ ಏನೂ ಸಿಗುವುದಿಲ್ಲ.

ಮುಚ್ಚಿದ ಗುಂಡಿಯೊಳಗೆ ನಡೆಯುವುದು ಇಷ್ಟು. ಕೊಯ್ದ ಗಿಡ ಇನ್ನೂ ಉಸಿರಾಡುತ್ತಿರುತ್ತದೆ. ಒಳಗೆ ಸಿಕ್ಕಿಕೊಂಡ ಗಾಳಿಯಲ್ಲಿನ ಆಮ್ಲಜನಕವನ್ನು ಅದು ಬಳಸಿ ಮುಗಿಸುತ್ತದೆ, ಆಗ ಸ್ವಲ್ಪ ಬಿಸಿಯೇರುತ್ತದೆ. ಗಾಳಿ ಮುಗಿದ ಮೇಲೆ ಮೇವಿನ ಮೇಲೆ ಮೊದಲೇ ಇದ್ದ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಹುಳಿಯಾಗಿಸುತ್ತವೆ. ಹುಳಿ ಏರಿದಷ್ಟೂ ಇಳಿಯುವ ಪಿಎಚ್ ಎಂಬ ಅಳತೆ 4ರ ಆಸುಪಾಸಿಗೆ ಬಂದಾಗ ಉಳಿದ ಸೂಕ್ಷ್ಮಜೀವಿಗಳಿಗೆ ಕೆಲಸ ಮಾಡಲಾಗುವುದಿಲ್ಲ, ಮೇವು ಹಾಗೆಯೇ ನಿಲ್ಲುತ್ತದೆ. ಸಾಮಾನ್ಯವಾಗಿ 45 ದಿನ ಬಿಟ್ಟು ತೆರೆಯಬಹುದು. ಒಳಗೆ ಗಾಳಿ ನುಗ್ಗದಿದ್ದರೆ ತಿಂಗಳುಗಟ್ಟಲೆ ಇಡಬಹುದು. ಇವರು ಮಾರ್ಚ್ ಆರಂಭದವರೆಗೂ ಮುಟ್ಟಲಿಲ್ಲ.

ತೆರೆದಾಗ ಮೇಲಿನ ನಾಲ್ಕು ಬೆರಳಿನಷ್ಟು ಪದರ ಕಪ್ಪಾಗಿತ್ತು. ಅದರ ಕೆಳಗೆ ಹಸಿರುಮಿಶ್ರಿತ ಹಳದಿ ಬಣ್ಣದ, ಹಣ್ಣಿನಂಥ ಹುಳಿ ವಾಸನೆಯ ಮೇವು. ಹಸುಗಳಿಗೆ ಮೊದಲ ದಿನ ತಲಾ ಮೂರು ಕೆಜಿ ಕೊಟ್ಟು, ಹತ್ತು ದಿನಗಳಲ್ಲಿ ನಿಧಾನವಾಗಿ ಹದಿನೈದು ಕೆಜಿಗೆ ಏರಿಸಿದರು. ಎಮ್ಮೆ ಮೊದಲು ಮೂಸಿ ಬಿಟ್ಟಿತು. ಹಿಂಡಿಯ ಪುಡಿ ಉದುರಿಸಿದ ಮೇಲೆ ಅದಕ್ಕೂ ರುಚಿ ಹತ್ತಿತು. ಜೊತೆಗೆ ಕಣಿಕೆಯೂ ತೊಗರಿ ಹೊಟ್ಟೂ ಇದ್ದವು. ಮಾರ್ಚ್ ಮೂರನೇ ವಾರದಲ್ಲಿ ಹಾಲು ಇಳಿಯುವ ಬದಲು ನಿಂತಿತ್ತು. ಎಲ್ಲರಿಗೂ ಸಮಾಧಾನವಾಗಿತ್ತು.

ಕೆಡುಕು ಕಾಣಿಸಿದ ಬಗೆ

ಏಪ್ರಿಲ್ ಹೊತ್ತಿಗೆ ಹಸುಗಳು ತೊಟ್ಟಿಯಲ್ಲಿ ಮೇವು ಬಿಡತೊಡಗಿದವು. ಮೊದಲು ಬಿಸಿಲಿನ ಕಾರಣ ಎಂದುಕೊಂಡರು. ನಂತರ ಒಂದು ಹಸುವಿನ ಸಗಣಿ ತೆಳುವಾಯಿತು. ಗುಂಡಿಯಲ್ಲಿ ಬೆಳ್ಳನೆಯ ನೂಲಿನಂಥ ಬೂಸ್ಟು ಕಂಡಿತು. ನಾನು ಹೋದಾಗ ಮನೆಯ ಹೆಣ್ಣುಮಗಳು ಹೇಳಿದ ಮಾತೇ ರೋಗದ ಮೂಲವನ್ನು ತೋರಿಸುವಂತಿತ್ತು: ‘ಅಣ್ಣಾ, ನಸುಕಿನಲ್ಲಿ ಮೇವು ತೆಗೆಯಲು ಹೋದರೆ ಗುಂಡಿಯಿಂದ ಹಬೆ ಏಳುತ್ತದೆ. ಕೈ ಇಟ್ಟರೆ ಬಿಸಿ.’

ನಸುಕಿನಲ್ಲಿ ಎಂಬುದು ಮುಖ್ಯ. ಏಪ್ರಿಲ್ ಮಧ್ಯಾಹ್ನ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಮುಟ್ಟಿ ನೋಡಿದರೆ ಎಲ್ಲವೂ ಬಿಸಿಯೇ. ಬೆಳಗಿನ ಜಾವ ಗಾಳಿ ತಂಪಾಗಿರುವಾಗ ಮೇವಿನೊಳಗೆ ಮೊಣಕೈವರೆಗೆ ಕೈ ತೂರಿಸಬೇಕು. ಆಗ ಬಿಸಿ ತಾಗಿದರೆ ಒಳಗೆ ಸೂಕ್ಷ್ಮಜೀವಿಗಳು ಮತ್ತೆ ಎದ್ದಿವೆ ಎಂದೇ ಅರ್ಥ. ಬೂಸ್ಟು ಕಣ್ಣಿಗೆ ಕಾಣುವ ಎಷ್ಟೋ ದಿನ ಮೊದಲೇ ಈ ಬಿಸಿ ಶುರುವಾಗಿರುತ್ತದೆ. ಮೊದಲು ಯೀಸ್ಟ್‌ಗಳು ಗಾಳಿ ಸಿಕ್ಕೊಡನೆ ಆ ಹುಳಿಯನ್ನೇ ತಿನ್ನತೊಡಗುತ್ತವೆ. ಹುಳಿ ಕರಗಿದಂತೆ ಪಿಎಚ್ ಏರುತ್ತದೆ, ಅದರ ಹಿಂದೆ ಬೂಸ್ಟು ಬರುತ್ತದೆ. ಆ ಹೊತ್ತಿಗೆ ಮೇವಿನ ಸತ್ವದ ಒಳ್ಳೆಯ ಪಾಲು ಶಾಖವಾಗಿ ಹೋಗಿರುತ್ತದೆ.

ಹಾಗಾದರೆ ಗಾಳಿ ಎಲ್ಲಿಂದ ಬಂತು? ಮನೆಯ ಯಜಮಾನರಿಗೆ ಹಾಳೆ ತೂತಾಗಿರಬಹುದೆಂಬ ಅನುಮಾನ. ಇಲ್ಲಿ ಬೇಕಾದದ್ದು ಒಂದು ಸಣ್ಣ ಲೆಕ್ಕ.

ಕಾಲಿನಿಂದ ಚೆನ್ನಾಗಿ ತುಳಿದ ಮೆಕ್ಕೆಜೋಳದ ರಸಮೇವು ಒಂದು ಘನ ಅಡಿಗೆ ಸುಮಾರು 14 ಕೆಜಿ ತೂಗುತ್ತದೆ. ನಾಲ್ಕು ದನಗಳಿಗೆ ತಲಾ 15 ಕೆಜಿಯಂತೆ ದಿನಕ್ಕೆ 60 ಕೆಜಿ. ಅಂದರೆ ದಿನಕ್ಕೆ ಗುಂಡಿಯಿಂದ ಹೊರಗೆ ಬರುವುದು ನಾಲ್ಕೂಕಾಲು ಘನ ಅಡಿ ಮೇವು ಮಾತ್ರ. ಇವರು ಇಡೀ ಗುಂಡಿಯ ಬಾಯಿ ತೆರೆದು ಮೇಲಿನಿಂದ ಪದರ ಪದರವಾಗಿ ತೆಗೆಯುತ್ತಿದ್ದರು. ಗುಂಡಿಯ ಬಾಯಿ ಹತ್ತು ಎಂಟಲೆ ಎಂಬತ್ತು ಚದರ ಅಡಿ. ನಾಲ್ಕೂಕಾಲನ್ನು ಎಂಬತ್ತರಿಂದ ಭಾಗಿಸಿದರೆ ದಿನಕ್ಕೆ ಕೆಳಗಿಳಿಯುವುದು ಮುಕ್ಕಾಲು ಇಂಚಿಗೂ ಕಡಿಮೆ.

ಇನ್ನು ಗಾಳಿಯ ಲೆಕ್ಕ. ತೆರೆದ ಮೇವಿಗೆ ತಾಗಿದ ಗಾಳಿ ಮೇಲ್ಮೈಯಲ್ಲೇ ನಿಲ್ಲುವುದಿಲ್ಲ. ಕಾಲಿನಿಂದ ತುಳಿದ ಗುಂಡಿಯಲ್ಲಿ ಸಡಿಲವಾದ ಕಡೆ ಎರಡು ಮೂರು ಅಡಿಯವರೆಗೂ ಅದು ನುಗ್ಗುತ್ತದೆ. ಎರಡು ಅಡಿ ಕೆಳಗಿನ ಮೇವು ದನದ ಬಾಯಿಗೆ ಬರಲು ಇವರ ವೇಗದಲ್ಲಿ ಒಂದು ತಿಂಗಳಿಗೂ ಹೆಚ್ಚು ಬೇಕು. ಆ ತಿಂಗಳಿಡೀ ಅದು ಗಾಳಿಗೆ ಒಡ್ಡಿಕೊಂಡು ಕಾಯುತ್ತದೆ. ಹಾಳೆ ತೂತಾಗಬೇಕಾಗಿಯೇ ಇರಲಿಲ್ಲ. ತೆಗೆಯುವ ಕೈಗಿಂತ ಕೆಡುಕು ವೇಗವಾಗಿ ಇಳಿಯುತ್ತಿತ್ತು, ಅಷ್ಟೇ.

ಗುಂಡಿಗೆ ಈ ಆಕಾರ ಏಕೆ ಬಂತು ಎಂದು ಕೇಳಿದೆ. ಮಾತಿಗೆ ಬಂದವರು ಅತ್ತೆ. ಅವರ ತವರಿನಲ್ಲಿ ಜೋಳ ಇಡುವ ಹಗೇವು ಇತ್ತು, ಅದು ಹೀಗೆಯೇ ಆಳವಾಗಿ ಇರುತ್ತಿತ್ತು, ಅದನ್ನೇ ಮನಸ್ಸಿನಲ್ಲಿಟ್ಟು ತೋಡಿಸಿದೆವು ಎಂದರು. ನಮ್ಮ ಭಾಗದಲ್ಲಿ ನೆಲದೊಳಗೆ ಏನನ್ನಾದರೂ ಕೂಡಿಡುವುದೆಂದರೆ ಹಗೇವೇ ನೆನಪಾಗುತ್ತದೆ, ಅದು ಸಹಜ. ಆದರೆ ಹಗೇವಿನಲ್ಲಿರುವುದು ಒಣ ಕಾಳು. ಅದನ್ನು ತೆರೆದರೆ ಒಂದೇ ಸಲಕ್ಕೆ ಖಾಲಿ ಮಾಡುತ್ತಾರೆ. ರಸಮೇವು ಹಸಿ ವಸ್ತು, ಮೂರು ನಾಲ್ಕು ತಿಂಗಳು ದಿನವೂ ಬಾಯಿ ತೆರೆದುಕೊಂಡಿರಬೇಕು. ಅತ್ತೆ ಇನ್ನೊಂದು ಮಾತನ್ನೂ ಹೇಳಿದರು. ಹಗೇವು ತೆರೆದ ಕೂಡಲೇ ಯಾರನ್ನೂ ಒಳಗೆ ಇಳಿಸುತ್ತಿರಲಿಲ್ಲವಂತೆ, ಕೆಟ್ಟ ಗಾಳಿ ಹೋಗಲಿ ಎಂದು ಕಾಯುತ್ತಿದ್ದರಂತೆ. ಇದನ್ನು ರಸಮೇವಿನ ಆಳ ಗುಂಡಿಗೂ ತಪ್ಪದೆ ಪಾಲಿಸಬೇಕು. ಹುಳಿಯುವಾಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ಗುಂಡಿಯ ತಳದಲ್ಲಿ ಕೂರುತ್ತದೆ. ತುಂಬಿದ ಮೊದಲ ದಿನಗಳಲ್ಲಿ ಹಳದಿಮಿಶ್ರಿತ ಕಂದು ಬಣ್ಣದ ವಿಷಗಾಳಿಯೂ ಹುಟ್ಟಬಹುದು. ಅರ್ಧ ತುಂಬಿದ ಗುಂಡಿಗೆ ಮರುದಿನ ಬೆಳಿಗ್ಗೆ ಒಬ್ಬರೇ ಇಳಿಯುವುದು, ಮಕ್ಕಳನ್ನು ತುಳಿಯಲು ಇಳಿಸುವುದು ಬೇಡವೇ ಬೇಡ.

ಉಳಿದ ಮೇವನ್ನು ಉಳಿಸಿಕೊಂಡದ್ದು

ಬಿಸಿಯಾದ, ಬೂಸ್ಟು ಹಿಡಿದ ಪದರವನ್ನೆಲ್ಲ ಮೊದಲು ತೆಗೆದು ತಿಪ್ಪೆಗೆ ಹಾಕಿಸಿದೆವು. ಯಜಮಾನರಿಗೆ ಇದು ಸಂಕಟದ ಕೆಲಸವಾಗಿತ್ತು. ಎತ್ತುಗಳಿಗಾದರೂ ಹಾಕೋಣವೇ ಎಂದು ಕೇಳಿದರು. ಬೂಸ್ಟು ಹಿಡಿದ ಮೇವಿನಲ್ಲಿ ವಿಷ ಇರಬಹುದು, ಅದು ಹಾಲಿನಲ್ಲೂ ಇಳಿದು ಬರಬಹುದು. ಗಬ್ಬದ ಹಸುವಿಗೆ ಕೆಟ್ಟ ರಸಮೇವು ಕಂದು ಹಾಕುವ ಅಪಾಯ ತರುತ್ತದೆ. ಬೂಸ್ಟು ಹಿಡಿದದ್ದನ್ನು ಆರಿಸಿ, ಕೊಡವಿ, ಒಣಗಿಸಿ ಹಾಕುವ ಅಭ್ಯಾಸ ಹಲವು ಮನೆಗಳಲ್ಲಿದೆ. ನಾನು ಅದನ್ನು ಯಾವ ದನಕ್ಕೂ ಒಪ್ಪುವುದಿಲ್ಲ. ಬಣ್ಣ ಕಾಣುವ ಜಾಗದಾಚೆಗೂ ಕೆಡುಕು ಹರಡಿರುತ್ತದೆ.

ಉಳಿದ ನಾಲ್ಕು ಅಡಿ ಆಳದ ಮೇವಿಗೆ ತೆಗೆಯುವ ದಿಕ್ಕನ್ನೇ ಬದಲಿಸಿದೆವು. ಮೇಲ್ಮೈಯನ್ನು ಮತ್ತೆ ತುಳಿದು, ಹಾಳೆ ಎಳೆದು, ಮರಳು ತುಂಬಿದ ಚೀಲಗಳನ್ನು ಒತ್ತೊತ್ತಾಗಿ ಇಟ್ಟರು. ಒಂದು ತುದಿಯಲ್ಲಿ ಮಾತ್ರ ಗೋಡೆ ಕೊಯ್ದಂತೆ ಮೇಲಿನಿಂದ ತಳದವರೆಗೆ ನೇರ ಹೋಳು ತೆಗೆಯುವುದು. ಎಂಟು ಅಡಿಯ ಅಗಲವೂ ಹೆಚ್ಚಾಗುತ್ತದೆ ಎಂದು ಅರ್ಧ ಅಗಲವನ್ನೇ, ನಾಲ್ಕು ಅಡಿಯನ್ನು ಮಾತ್ರ ಕೊಯ್ಯುತ್ತಾ ಹೋಗಿ, ಆ ಬದಿ ಮುಗಿದ ಮೇಲೆ ಇನ್ನೊಂದು ಬದಿ ಹಿಡಿಯುವುದೆಂದು ನಿರ್ಧಾರವಾಯಿತು. ಈಗ ಗಾಳಿಗೆ ತೆರೆದುಕೊಳ್ಳುವ ಮುಖ ಹದಿನಾರು ಚದರ ಅಡಿ, ದಿನಕ್ಕೆ ಸರಿಯುವುದು ಮೂರು ಇಂಚಿಗೆ ಸ್ವಲ್ಪ ಹೆಚ್ಚು. ಇದು ಬೇಸಿಗೆಗೆ ಸಾಲದು. ಜೊತೆಗೆ, ಬಿಟ್ಟ ಅರ್ಧದ ಬದಿ ಕೂಡ ಗಾಳಿಗೆ ಒಡ್ಡಿಕೊಳ್ಳುತ್ತಿತ್ತು, ಅದಕ್ಕೆ ಒಂದು ಹಾಳೆ ಆನಿಸಿ ನಿಲ್ಲಿಸಬೇಕಾಯಿತು. ಆದರೂ ಮೊದಲಿಗಿಂತ ಐದು ಪಟ್ಟು ವೇಗ. ಕೊಕ್ಕೆಯಿಂದ ಕೆದಕಿ ಎಳೆಯುವುದನ್ನೂ ನಿಲ್ಲಿಸಿದರು, ಏಕೆಂದರೆ ಕೆದಕಿದರೆ ಒಳಗಿನ ಮೇವು ಸಡಿಲವಾಗಿ ಗಾಳಿಗೆ ದಾರಿಯಾಗುತ್ತದೆ. ಕುಡುಗೋಲಿನಿಂದ ನುಣ್ಣಗೆ ಕೊಯ್ದು ತೆಗೆದರು. ಅಂಚಿನಲ್ಲಿ ಅಲ್ಲಲ್ಲಿ ಕೆಟ್ಟರೂ ಮೇ ಕೊನೆಯವರೆಗೆ ಮೇವು ಬಂತು.

ಎರಡನೇ ವರ್ಷದ ಕಾಲುವೆಗಳು

ಈ ಸಲ ಲೆಕ್ಕವನ್ನು ತಿರುಗಿಸಿ ಹಾಕಿದೆವು. ಬೇಸಿಗೆಯಲ್ಲಿ ದಿನಕ್ಕೆ ಅರ್ಧ ಅಡಿಯಾದರೂ ಮುಖ ಸರಿಯಬೇಕು. ಆಗ ಎರಡು ಅಡಿ ಒಳಗಿನ ಮೇವು ನಾಲ್ಕೇ ದಿನಗಳಲ್ಲಿ ತೊಟ್ಟಿಗೆ ಬರುತ್ತದೆ, ಯೀಸ್ಟ್‌ಗೆ ಸಮಯ ಸಿಗುವುದಿಲ್ಲ. ದಿನದ ಅಗತ್ಯ ನಾಲ್ಕೂಕಾಲು ಘನ ಅಡಿ. ಹಾಗಾಗಿ ಮುಖ ಎಂಟೂವರೆ ಒಂಬತ್ತು ಚದರ ಅಡಿಗಿಂತ ದೊಡ್ಡದಿರಬಾರದು. ಮೂರು ಅಡಿ ಅಗಲ, ಮೂರು ಅಡಿ ಎತ್ತರ. ಅಷ್ಟೇ ಮೇವಿಗೆ ಉದ್ದ ಸುಮಾರು 54 ಅಡಿ ಬೇಕಾಗುತ್ತದೆ. ಅದನ್ನು 27 ಅಡಿಯ ಎರಡು ಕಾಲುವೆಗಳಾಗಿ ಮಾಡಿದರೆ ಒಂದೊಂದೂ ಎಂಟು ವಾರ ಬರುತ್ತದೆ, ಒಂದನ್ನು ತೆರೆದಾಗ ಇನ್ನೊಂದು ಭದ್ರವಾಗಿ ಮುಚ್ಚಿಕೊಂಡಿರುತ್ತದೆ.

ಇದಕ್ಕೆ ತೆರಬೇಕಾದ ಬೆಲೆ ಇದೆ. ಚೌಕ ಗುಂಡಿಗೆ ಹೋಲಿಸಿದರೆ ಪ್ಲಾಸ್ಟಿಕ್ ಹೆಚ್ಚುಕಡಿಮೆ ಇಮ್ಮಡಿ ಬೇಕು. ಮೇಲ್ಮೈ ಹೆಚ್ಚಾದಷ್ಟು ಅಂಚಿನಲ್ಲಿ ಕೆಡುವ ಪಾಲೂ ಸ್ವಲ್ಪ ಹೆಚ್ಚು. ಆಳ ಕಡಿಮೆಯಾದ್ದರಿಂದ ಮೇವಿನ ಸ್ವಂತ ಭಾರದ ಒತ್ತಡವೂ ಕಡಿಮೆ, ಹಾಗಾಗಿ ತುಳಿತ ಇನ್ನೂ ಗಟ್ಟಿಯಾಗಬೇಕು. ಅಷ್ಟೆಲ್ಲ ಕಳೆದರೂ ನಾಲ್ಕೈದು ದನಗಳ ಮನೆಗೆ ನಾನು ಕಾಲುವೆಯನ್ನೇ ಹೇಳುತ್ತೇನೆ. ಅಂಚಿನಲ್ಲಿ ಕೆಡುವುದು ಕೈ ಹಿಡಿತದಲ್ಲಿರುವ ನಷ್ಟ, ಮುಖದಲ್ಲಿ ಹುಟ್ಟುವ ಬಿಸಿ ಹಾಗಲ್ಲ.

ಎರೆಮಣ್ಣಿನ ಕಾರಣಕ್ಕೆ ಇನ್ನೊಂದು ಬದಲಾವಣೆ ಮಾಡಿದೆವು. ಮಳೆಗಾಲದಲ್ಲಿ ಈ ಮಣ್ಣು ಉಬ್ಬಿ ನೀರು ಹಿಡಿಯುತ್ತದೆ, ಚಳಿಗಾಲ ಕಳೆದು ಒಣಗಿದಂತೆ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಗುಂಡಿಯ ಗೋಡೆ ಹಿಂದಕ್ಕೆ ಸರಿದರೆ ಹಾಳೆ ಮತ್ತು ಗೋಡೆಯ ನಡುವೆ ಪೊಳ್ಳು ಉಂಟಾಗುತ್ತದೆ, ಮೇವು ಅತ್ತ ಬಾಗಿ ಸಡಿಲವಾಗುತ್ತದೆ, ಕಲ್ಲುಚೂರು ತಾಗಿದಲ್ಲಿ ಹಾಳೆ ಹರಿದರೆ ಬಿರುಕಿನ ಮೂಲಕ ನೇರ ಗಾಳಿ. ಅದಕ್ಕೆ ನೆಲಕ್ಕೆ ಒಂದೇ ಅಡಿ ಇಳಿದು, ಉಳಿದ ಎರಡು ಅಡಿಯನ್ನು ನೆಲದ ಮೇಲೆ ಹಳೆಯ ಶಹಾಬಾದ್ ಪರಸಿ ಕಲ್ಲುಗಳನ್ನು ಬದಿಗೆ ನಿಲ್ಲಿಸಿ, ಹೊರಗಿನಿಂದ ಮಣ್ಣು ಒತ್ತಿ ಕಟ್ಟಿದರು. ಪರಸಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಒಳಗೆ ಹಾಳೆ ಹಾಸುವುದನ್ನು ಬಿಡಲಿಲ್ಲ. ಬೀದರ್ ಕಡೆಯ ಜಂಬಿಟ್ಟಿಗೆ ನೆಲವಾದರೆ ಗೋಡೆ ನಿಲ್ಲುತ್ತದೆ, ಹೀಗೆ ಬಿರುಕು ಬಿಡುವುದಿಲ್ಲ, ಅಲ್ಲಿ ಮೂರು ಅಡಿಯೂ ನೆಲದೊಳಗೇ ಇರಬಹುದು.

ಹಾಳೆಯ ಬಗ್ಗೆ ಒಂದು ಮಾತು. ನೇಯ್ದ ತಾಡಪತ್ರಿ ಮಳೆಯನ್ನು ತಡೆಯುತ್ತದೆ, ಆದರೆ ಹೊಲಿಗೆಯಲ್ಲೂ ಮಡಿಕೆಯಲ್ಲೂ ಗಾಳಿ ಬಿಡುತ್ತದೆ. ಮೇವಿಗೆ ತಾಗುವುದು ನೇಯ್ಗೆಯಿಲ್ಲದ ದಪ್ಪ ಪಾಲಿಥಿನ್ ಹಾಳೆಯಾಗಿರಬೇಕು. ತಾಡಪತ್ರಿ ಬೇಕಿದ್ದರೆ ಅದರ ಮೇಲೆ ಹೊದಿಸಬಹುದು.

ಮೆಕ್ಕೆಜೋಳದ ಈ ಎರಡು ಕಾಲುವೆಗಳಲ್ಲಿ ಆ ವರ್ಷ ಬಿಸಿಯಾಗಲಿಲ್ಲ. ಏಪ್ರಿಲ್ ನಸುಕಿನಲ್ಲೂ ಕೊಯ್ದ ಮುಖ ಕೈಗೆ ತಂಪಾಗಿತ್ತು.

ನೇಪಿಯರ್ ಚೀಲಗಳು

ಅದೇ ವರ್ಷ ಇನ್ನೊಂದು ಪಾಠವೂ ಆಯಿತು. ಮನೆಗೆ ಹತ್ತು ಗುಂಟೆ ನೇಪಿಯರ್ ಹುಲ್ಲು ಇದೆ. ಮಳೆಗಾಲದಲ್ಲಿ ದನಗಳು ತಿನ್ನುವುದಕ್ಕಿಂತ ಬೇಗ ಅದು ಬೆಳೆಯುತ್ತದೆ, ಕೊಯ್ಯದೆ ಬಿಟ್ಟರೆ ದಂಟು ಬಲಿತು ಕಟ್ಟಿಗೆಯಾಗುತ್ತದೆ. ಹೆಚ್ಚಾದದ್ದನ್ನು ಚೀಲಕ್ಕೆ ತುಂಬೋಣ ಎಂದು ಮಗ ಹೊರಟ. ಯೋಚನೆ ಸರಿಯಾಗಿತ್ತು. 50 ಕೆಜಿ ಹಿಡಿಯುವ ಚೀಲ ಈ ಮನೆಯ ಒಂದು ದಿನದ ಮೇವಿಗಿಂತ ಸ್ವಲ್ಪ ಕಡಿಮೆ. ಒಂದು ಚೀಲ ತೆರೆದರೆ ಮರುದಿನಕ್ಕೆ ಉಳಿಯುವುದಿಲ್ಲ, ಹೀಗಾಗಿ ತೆರೆದ ಮೇಲೆ ಕೆಡುವ ಪ್ರಶ್ನೆಯೇ ಬರುವುದಿಲ್ಲ. ಹೊರಗೆ ನೇಯ್ದ ಚೀಲ, ಒಳಗೆ ಪಾಲಿಥಿನ್ ಚೀಲ ಬಳಸಿದ್ದ. ಬರಿಯ ಗೊಬ್ಬರದ ಚೀಲ ಗಾಳಿ ತಡೆಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಸೆಪ್ಟೆಂಬರಿನ ಮಳೆಯ ನಡುವೆ ಬಿಡುವು ಸಿಕ್ಕಾಗ ಬುಡಕ್ಕೆ ಕೊಯ್ದು, ಕತ್ತರಿಸಿ, ಅಂದೇ ತುಂಬಿ ಕಟ್ಟಿದ. ಡಿಸೆಂಬರಿನಲ್ಲಿ ತೆರೆದಾಗ ಚೀಲದ ತಳದಲ್ಲಿ ಎರಡು ಮೂರು ಲೀಟರ್ ಕಂದು ನೀರು, ಮೇವು ಕಪ್ಪುಹಸಿರು, ಲೋಳೆ. ವಾಸನೆ ಕೆಟ್ಟ ಬೆಣ್ಣೆಯದು. ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆದರೂ ಹೋಗದಂಥದ್ದು. ಮೇವಿನ ರಸ ಹಿಂಡಿ ಪಿಎಚ್ ಕಾಗದ ಅದ್ದಿದರೆ 5ಕ್ಕಿಂತ ಮೇಲೆ ತೋರಿಸಿತು.

ಇಲ್ಲಿ ತಪ್ಪಿದ್ದು ಗಾಳಿಯಲ್ಲ, ನೀರು. ಎಳೆಯ ನೇಪಿಯರ್‌ನಲ್ಲಿ ನೂರಕ್ಕೆ ಎಂಬತ್ತು ಭಾಗಕ್ಕೂ ಹೆಚ್ಚು ನೀರಿರುತ್ತದೆ, ಮೆಕ್ಕೆಜೋಳದಷ್ಟು ಸಕ್ಕರೆ ಇರುವುದಿಲ್ಲ. ಇದ್ದ ಸ್ವಲ್ಪ ಸಕ್ಕರೆ ಅಷ್ಟು ನೀರಿನಲ್ಲಿ ತೆಳುವಾಗಿ, ಹುಳಿ ಬೇಕಾದ ಮಟ್ಟಕ್ಕೆ ಏರುವುದೇ ಇಲ್ಲ. ಆಗ ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆದು ಲ್ಯಾಕ್ಟಿಕ್ ಆಮ್ಲವನ್ನು ಬ್ಯುಟಿರಿಕ್ ಆಮ್ಲವಾಗಿಸುತ್ತವೆ. ಆ ಕೆಟ್ಟ ಬೆಣ್ಣೆಯ ವಾಸನೆ ಅದರದೇ. ಇವು ಮಣ್ಣಿನಿಂದ ಬರುತ್ತವೆ. ಮಳೆಯಲ್ಲಿ ಎರೆಮಣ್ಣು ಸಿಡಿದು ಮೆತ್ತಿದ ಬುಡವನ್ನೂ ಸೇರಿಸಿ ಕೊಯ್ದದ್ದರಿಂದ ಅವುಗಳ ಬೀಜವನ್ನು ನಾವೇ ಚೀಲಕ್ಕೆ ಹಾಕಿದಂತಾಯಿತು. ನೆಲದಿಂದ ಅರ್ಧ ಅಡಿ ಬಿಟ್ಟು ಕೊಯ್ದರೆ ಮಣ್ಣೂ ಬರುವುದಿಲ್ಲ, ಬುಡದ ಚಿಗುರೂ ಚೆನ್ನಾಗಿ ಬರುತ್ತದೆ.

ಮುಂದಿನ ಕೊಯ್ಲಿಗೆ ಮಾಡಿದ್ದು ಬಹಳ ಸರಳ. ಸುಮಾರು ಐವತ್ತು ದಿನದ ಹುಲ್ಲನ್ನು ಇಬ್ಬನಿ ಆರಿದ ಮೇಲೆ ಕೊಯ್ದು, ಕಣದಲ್ಲಿ ತೆಳುವಾಗಿ ಹರಡಿದರು. ಕತ್ತರಿಸಲಿಲ್ಲ, ಇಡೀ ದಂಟನ್ನೇ ಬಾಡಲು ಬಿಟ್ಟರು. ಹರಡುವ ಮೊದಲು ಹತ್ತು ಕೆಜಿಯ ಒಂದು ಸಿವುಡನ್ನು ತೂಗಿ, ಗುರುತಿಗೆ ಕೆಂಪು ಬಟ್ಟೆ ಕಟ್ಟಿ, ಬಿಚ್ಚಿ ಉಳಿದ ಹುಲ್ಲಿನ ಹಾಗೆಯೇ ಪಕ್ಕದಲ್ಲಿ ಹರಡಿದರು. ಅದೇ ಹುಲ್ಲನ್ನು ಮತ್ತೆ ಮತ್ತೆ ತೂಗುತ್ತಾ, ಏಳು ಕೆಜಿಯ ಒಳಗೆ ಇಳಿದಾಗ ಸಾಕು ಎಂದರು. ಈ ಅಳತೆಗೆ ಆಧಾರವಿದೆ: ನೂರಕ್ಕೆ ಇಪ್ಪತ್ತು ಭಾಗ ಒಣ ಅಂಶವಿರುವ ಹತ್ತು ಕೆಜಿ ಹುಲ್ಲಿನಲ್ಲಿ ಒಣ ಅಂಶ ಎರಡು ಕೆಜಿ. ಅದೇ ಎರಡು ಕೆಜಿ ನೂರಕ್ಕೆ ಮೂವತ್ತು ಆಗಬೇಕಾದರೆ ಒಟ್ಟು ತೂಕ ಆರೂಮುಕ್ಕಾಲು ಕೆಜಿಗೆ ಇಳಿಯಬೇಕು. ಮಳೆ ನಿಂತ ಮೇಲಿನ ನಮ್ಮ ಬಿಸಿಲಿಗೆ ಒಂದರಿಂದ ಒಂದೂವರೆ ದಿನ ಬೇಕಾಗುತ್ತದೆ. ತಕ್ಕಡಿ ಇಲ್ಲದಿದ್ದರೆ ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಒಂದು ನಿಮಿಷ ಬಿಗಿಯಾಗಿ ಹಿಡಿದು ಬಿಡಬೇಕು. ಬೆರಳ ಸಂದಿನಲ್ಲಿ ನೀರು ತೊಟ್ಟಿಕ್ಕಿದರೆ ಇನ್ನೂ ಹಸಿ. ಉಂಡೆ ನಿಧಾನವಾಗಿ ಬಿಚ್ಚಿಕೊಂಡು ಅಂಗೈ ಬರಿ ತೇವವಾದರೆ ಹದ. ಬಿಟ್ಟ ಕೂಡಲೇ ಸಿಡಿದು ಬಿಡಿಯಾದರೆ ಅತಿಯಾಗಿ ಒಣಗಿದೆ, ಎಷ್ಟು ತುಳಿದರೂ ಗಾಳಿ ಹೋಗದು.

ಬಾಡಿದ ಹುಲ್ಲನ್ನು ಕತ್ತರಿಸಿ, ಒಂದು ಚೀಲದ 50 ಕೆಜಿಗೆ ಒಂದು ಕೆಜಿ ಬೆಲ್ಲವನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ ಚಿಮುಕಿಸಿದರು. ಕಾಕಂಬಿ ಸಿಕ್ಕರೆ ಅದೂ ಆಗುತ್ತದೆ, ಒಂದೂವರೆ ಕೆಜಿಯವರೆಗೆ. ಚೀಲವನ್ನು ಒಂದು ಹಳೆಯ ಡ್ರಮ್ಮಿನೊಳಗೆ ನಿಲ್ಲಿಸಿ, ಒಂದೊಂದು ಬುಟ್ಟಿ ಹಾಕಿದಂತೆ ಒನಕೆಯ ಮೊಂಡು ತುದಿಯಿಂದ ಜಡಿದರು. ಬರಿಗೈಯಲ್ಲಿ ಒತ್ತಿದರೆ 35 ಕೆಜಿಗೆ ತುಂಬಿದಂತೆ ಕಾಣುತ್ತಿದ್ದ ಚೀಲ ಹೀಗೆ ಜಡಿದಾಗ 50 ಹಿಡಿಯಿತು. ಒಳಚೀಲದ ಬಾಯನ್ನು ಹಿಂಡಿ, ತಿರುಚಿ, ಮಡಚಿ ಎರಡು ಕಡೆ ಕಟ್ಟಿದರು.

ಬಾಡಿಸಲು ಬಿಸಿಲೇ ಸಿಗದ ಮಳೆಗಾಲಕ್ಕೆ ಇನ್ನೊಂದು ದಾರಿ ಇದೆ. ನಮ್ಮ ಕಡೆ ಕಣಿಕೆ ಮನೆಯಲ್ಲೇ ಇರುತ್ತದೆ. ಆರು ಪಾಲು ಹಸಿ ನೇಪಿಯರ್‌ಗೆ ಒಂದು ಪಾಲು ಒಣ ಕಣಿಕೆಯನ್ನು ಸಣ್ಣಗೆ ಕತ್ತರಿಸಿ ಬೆರೆಸಿದರೆ ಒಟ್ಟು ಒಣ ಅಂಶ ನೂರಕ್ಕೆ ಮೂವತ್ತಕ್ಕೆ ಬರುತ್ತದೆ, ಕಣಿಕೆ ಆ ರಸವನ್ನು ಹೀರಿಕೊಳ್ಳುತ್ತದೆ. ಬೆಲ್ಲ ಮಾತ್ರ ತಪ್ಪಿಸುವಂತಿಲ್ಲ. ಪದರ ಪದರವಾಗಿ ಹಾಕಿದರೆ ಸಾಲದು, ತುಂಬುವ ಮೊದಲೇ ಒಂದಾಗಿ ಕಲೆಸಿಕೊಳ್ಳಬೇಕು. ಯೂರಿಯಾ ಸೇರಿಸಬೇಕೇ ಎಂದು ಹಲವರು ಕೇಳುತ್ತಾರೆ. ನೇಪಿಯರ್‌ಗೆ ಬೇಡ. ಅದು ಹುಳಿಯನ್ನು ಮುರಿಯುತ್ತದೆ, ಇಲ್ಲಿ ಹುಳಿಯೇ ಕಷ್ಟದಿಂದ ಬರುವಂಥದ್ದು.

ಈ ಚೀಲಗಳನ್ನು ತೆರೆದಾಗ ತಳದಲ್ಲಿ ನೀರಿರಲಿಲ್ಲ, ಪಿಎಚ್ ಕಾಗದ ನಾಲ್ಕೂಕಾಲರ ಹತ್ತಿರ ತೋರಿಸಿತು. ಆದರೆ ಕೆಲವು ಚೀಲಗಳು ಒಂದೇ ಬದಿಯಲ್ಲಿ ಕೆಟ್ಟಿದ್ದವು, ನೋಡಿದರೆ ಇಲಿ ಕಡಿದ ಸಣ್ಣ ತೂತು. ರಾಶಿಯ ಕಾಲ ಮುಗಿದ ಮೇಲೆ ಹೊಲದ ಇಲಿಗಳು ಮನೆಯತ್ತ ಬರುತ್ತವೆ. ಈಗ ಚೀಲಗಳನ್ನು ನೆರಳಿನಲ್ಲಿ, ಗೋಡೆಯಿಂದ ದೂರ, ಪರಸಿಯ ಕಟ್ಟೆಯ ಮೇಲೆ ನಿಲ್ಲಿಸಿದ್ದಾರೆ. ವಾರಕ್ಕೊಮ್ಮೆ ಅತ್ತೆ ಸುತ್ತಿ ನೋಡುತ್ತಾರೆ, ತೂತು ಕಂಡರೆ ಅಂದೇ ಅಗಲ ಟೇಪು ಹಚ್ಚುತ್ತಾರೆ, ಹಚ್ಚಿದ ಚೀಲ ಮೊದಲು ಖರ್ಚಾಗುತ್ತದೆ.

ಹಾಲಿಗೆ ಹುಳಿ ವಾಸನೆ ಬರುತ್ತದೆ ಎಂದು ಡೇರಿಯಲ್ಲಿ ಒಮ್ಮೆ ಹೇಳಿದರಂತೆ. ಹಿಂಡುವ ಮೊದಲು ಮೇವು ಹಾಕುತ್ತಿದ್ದುದನ್ನು ಹಿಂಡಿದ ಮೇಲೆ ಹಾಕಲು ತೊಡಗಿದರು, ಆ ದೂರು ನಿಂತಿತು.

ಸದ್ಯ ಈ ಮನೆಯಲ್ಲಿ ಮೆಕ್ಕೆಜೋಳಕ್ಕೆ ಕಾಲುವೆ, ನೇಪಿಯರ್‌ಗೆ ಚೀಲ ಎಂದು ಹಂಚಿಕೆಯಾಗಿದೆ. ಮೆಕ್ಕೆಜೋಳ ಒಂದೇ ಸಲ ಕೊಯ್ಲಿಗೆ ಬರುತ್ತದೆ, ಆರು ಏಳು ಟನ್ನನ್ನು ಚೀಲಕ್ಕೆ ತುಂಬುತ್ತಾ ಕೂತರೆ ಕಾಳು ಬಲಿತುಬಿಡುತ್ತದೆ, ಕೆಜಿಗೆ ತಗಲುವ ಪ್ಲಾಸ್ಟಿಕ್ಕಿನ ಖರ್ಚೂ ಹೆಚ್ಚು. ನೇಪಿಯರ್ ಸ್ವಲ್ಪ ಸ್ವಲ್ಪವೇ ಮಿಗುತ್ತದೆ. ಅತ್ತೆ ಸೊಸೆ ಇಬ್ಬರೇ ಬೆಳಗಿನ ಹೊತ್ತಿನಲ್ಲಿ ಮೂರು ನಾಲ್ಕು ಚೀಲ ತುಂಬಿ ಮುಗಿಸುತ್ತಾರೆ, ಕೂಲಿಯವರಿಗೆ ಕಾಯಬೇಕಿಲ್ಲ.

ಪಕ್ಕದ ಮನೆಯವರು ಇದನ್ನು ನೋಡಿ ತಮಗೂ ಒಂದು ಕಾಲುವೆ ಬೇಕೆಂದರು. ಅವರಿಗಿರುವುದು ಒಂದೇ ಹಸು. ದಿನಕ್ಕೆ ಹದಿನೈದು ಕೆಜಿ ಎಂದರೆ ಒಂದು ಘನ ಅಡಿಗಿಂತ ಸ್ವಲ್ಪ ಹೆಚ್ಚು. ಅರ್ಧ ಅಡಿ ಮುಖ ಸರಿಯಬೇಕಾದರೆ ಕಾಲುವೆ ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಇರಬೇಕಾಗುತ್ತದೆ. ಅಷ್ಟು ಕಿರಿದಾದದ್ದರಲ್ಲಿ ನಿಂತು ತುಳಿಯಲು ಆಗದು, ಒಳಗಿನ ಮೇವಿಗಿಂತ ಕೆಡುವ ಅಂಚೇ ಹೆಚ್ಚಾಗುತ್ತದೆ. ಅವರಿಗೆ 30 ಕೆಜಿಯ ಚೀಲ ಹೇಳಿದೆ. ಒಂದು ಚೀಲ ಎರಡು ದಿನ ಬರುತ್ತದೆ, ಮೊದಲ ದಿನ ತೆಗೆದ ಮೇಲೆ ಬಾಯಿ ಹಿಂಡಿ ಕಟ್ಟಿ ನೆರಳಿನಲ್ಲಿಟ್ಟರೆ ಎರಡನೇ ದಿನದವರೆಗೆ ಬಿಸಿಯಾಗುವುದಿಲ್ಲ.